ಗುಟ್ಟು ಯಾವುದು, ಎಷ್ಟು ದಿನದ್ದು?

ದಾವಣಗೆರೆಯ ಮನೆಯಲ್ಲೇ ಕೂತು ಬೆಂಗಳೂರಿನ ಮಸಾಲೆಪುಡಿ ಕಂಪನಿಗೆ ಪೊಟ್ಟಣದ ವಿನ್ಯಾಸ ಮಾಡಿಕೊಡುವ ಒಬ್ಬ ಫ್ರೀಲಾನ್ಸ್ ಡಿಸೈನರ್ ಇದ್ದಾಳೆ ಎಂದುಕೊಳ್ಳಿ. ಮುಂಗಡ ಹಣಕ್ಕೂ ಮೊದಲು ಆಕೆಗೆ ಬರುವುದು ಗೋಪ್ಯತಾ ಒಪ್ಪಂದ, ಅಂದರೆ ಎಲ್ಲರೂ ಎನ್‌ಡಿಎ ಎನ್ನುವ ಕಾಗದ. ಅದರ ಮುಖ್ಯ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ‘ಕಂಪನಿಯು ಬಾಯಿಮಾತಿನಲ್ಲಾಗಲಿ, ಬರಹದಲ್ಲಾಗಲಿ ನೀಡುವ ಸಮಸ್ತ ಮಾಹಿತಿಯೂ ಗೋಪ್ಯವಾಗಿದ್ದು, ಶಾಶ್ವತವಾಗಿ ಗೋಪ್ಯವಾಗಿಯೇ ಉಳಿಯತಕ್ಕದ್ದು.’

ಇಲ್ಲಿ ‘ಸಮಸ್ತ’ ಮತ್ತು ‘ಶಾಶ್ವತ’ ಎರಡೂ ತೊಂದರೆಯ ಪದಗಳು. ಅಕ್ಷರಶಃ ಓದಿದರೆ ಕಂಪನಿಯ ವಿಳಾಸವೂ ಗುಟ್ಟೇ, ಅಂಗಡಿಯ ಕಪಾಟಿನಲ್ಲಿರುವ ಪೊಟ್ಟಣದ ಬಣ್ಣವೂ ಗುಟ್ಟೇ. ಭಾರತದಲ್ಲಿ ವ್ಯಾಪಾರದ ಗುಟ್ಟುಗಳಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ವ್ಯಾಜ್ಯವಾದರೆ ನ್ಯಾಯಾಲಯ ಮೊದಲು ನೋಡುವುದು ಒಪ್ಪಂದವನ್ನೇ. ಹಾಗಾಗಿ ಅಲ್ಲಿ ಏನು ಬರೆದಿದೆ ಎನ್ನುವುದು ಇಬ್ಬರಿಗೂ ಮುಖ್ಯ. ಎಲ್ಲವನ್ನೂ ಗುಟ್ಟು ಎಂದ ಕಂಪನಿಗೆ, ನಿಜವಾದ ಗುಟ್ಟು ಯಾವುದಾಗಿತ್ತೆಂದು ತೋರಿಸುವುದೇ ಕಷ್ಟವಾಗುತ್ತದೆ.

ಅದೇ ಮಾತನ್ನು ನೇರವಾಗಿ ಹೀಗೆ ಬರೆಯಬಹುದು: ‘ಮಸಾಲೆಯ ಅಳತೆ, ಪೂರೈಕೆದಾರರ ಹೆಸರು ಮತ್ತು ದರ, ಹೊಸ ಪದಾರ್ಥ ಮಾರುಕಟ್ಟೆಗೆ ಬರುವ ದಿನಾಂಕ, ಬಿಡುಗಡೆಗೆ ಮೊದಲಿನ ವಿನ್ಯಾಸ, ಇವು ಗೋಪ್ಯ. ಇವಲ್ಲದೆ ಕಂಪನಿ ‘ಗೋಪ್ಯ’ ಎಂದು ಗುರುತು ಹಾಕಿ ಕಳಿಸಿದ್ದೂ ಗೋಪ್ಯ. ಫೋನಿನಲ್ಲಿ ಹೇಳಿದ್ದು ಗೋಪ್ಯವಾಗಬೇಕಾದರೆ ಏಳು ದಿನದೊಳಗೆ ಇಮೇಲ್‌ನಲ್ಲಿ ತಿಳಿಸಬೇಕು.’ ಕೊನೆಯ ವಾಕ್ಯ ಚಿಕ್ಕದು, ಆದರೆ ಜಗಳವಾಗುವುದು ಬಹುಪಾಲು ಅಲ್ಲಿಯೇ. ಆರು ತಿಂಗಳ ಹಿಂದೆ ಫೋನಿನಲ್ಲಿ ಯಾರು ಏನು ಹೇಳಿದರೆಂದು ಯಾರಿಗೆ ನೆನಪಿರುತ್ತದೆ?

ಯಾವುದು ಗುಟ್ಟಲ್ಲ ಎನ್ನುವುದನ್ನೂ ಜೊತೆಗೇ ಬರೆಯಬೇಕು. ಈಗಾಗಲೇ ಜನರಿಗೆ ಗೊತ್ತಿರುವುದು, ಈ ಕೆಲಸಕ್ಕೂ ಮೊದಲೇ ಆಕೆಗೆ ತಿಳಿದಿದ್ದದ್ದು, ಬೇರೆಯವರಿಂದ ನ್ಯಾಯವಾಗಿ ತಿಳಿದುಬಂದದ್ದು, ಕಂಪನಿಯ ಮಾಹಿತಿ ಬಳಸದೆ ತಾನೇ ರೂಪಿಸಿದ್ದು ಇದರ ಹೊರಗೆ ಉಳಿಯುತ್ತವೆ. ನ್ಯಾಯಾಲಯ ಕೇಳಿದರೆ ಹೇಳಲೇಬೇಕಾದ್ದೂ ಅಷ್ಟೇ. ಡಿಸೈನರ್ ತನಗಾಗಿ ಇನ್ನೊಂದು ಸಾಲು ಸೇರಿಸಿಕೊಳ್ಳುವುದು ಜಾಣತನ: ‘ಪದಾರ್ಥ ಮಾರುಕಟ್ಟೆಗೆ ಬಂದ ಮೇಲೆ ಅದರ ಪೊಟ್ಟಣದ ಚಿತ್ರವನ್ನು ನನ್ನ ಕೆಲಸದ ಮಾದರಿಯಾಗಿ ತೋರಿಸಬಹುದು.’ ಇದಿಲ್ಲದಿದ್ದರೆ ಊರೆಲ್ಲ ಕಂಡ ಪೊಟ್ಟಣವನ್ನೂ ಮುಂದಿನ ಗಿರಾಕಿಗೆ ತೋರಿಸಲು ಆಕೆ ಹಿಂಜರಿಯಬೇಕಾಗುತ್ತದೆ.

ಇನ್ನು ಅವಧಿ. ‘ಎರಡು ವರ್ಷ’ ಎಂದಷ್ಟೇ ಬರೆದರೆ ಯಾವತ್ತಿನಿಂದ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. 2025ರ ಜನವರಿ 10ರಂದು ಸಹಿಯಾಯಿತು, ನವೆಂಬರ್ 10ಕ್ಕೆ ಪೂರೈಕೆದಾರರ ದರಪಟ್ಟಿ ಆಕೆಯ ಕೈಸೇರಿತು, 2026ರ ಮಾರ್ಚ್ 31ಕ್ಕೆ ಕೆಲಸ ಮುಗಿಯಿತು ಎನ್ನೋಣ. ಸಹಿಯ ದಿನದಿಂದ ಎಣಿಸಿದರೆ 2027ರ ಜನವರಿಗೆ ಎಲ್ಲ ಮುಗಿಯುತ್ತದೆ. ದರಪಟ್ಟಿಗೆ ಸಿಕ್ಕ ರಕ್ಷಣೆ ಹದಿನಾಲ್ಕೇ ತಿಂಗಳು. ಕೊಟ್ಟ ದಿನದಿಂದ ಎಣಿಸಿದರೆ ದರಪಟ್ಟಿಯೇನೋ 2027ರ ನವೆಂಬರ್‌ವರೆಗೆ ಗೋಪ್ಯವಾಗಿರುತ್ತದೆ, ಆದರೆ ಒಂದೊಂದು ಇಮೇಲ್‌ಗೂ ಒಂದೊಂದು ಗಡುವು ಲೆಕ್ಕ ಇಡಬೇಕು. ಕೆಲಸ ಮುಗಿದ ದಿನದಿಂದ ಎಣಿಸಿದರೆ ಎಲ್ಲಕ್ಕೂ ಒಂದೇ ತಾರೀಕು, 2028ರ ಮಾರ್ಚ್ 31. ನನಗೆ ಸರಿಯೆನಿಸುವುದು ಈ ಮೂರನೆಯದೇ.

ಆದರೂ ಅದರಲ್ಲೊಂದು ತೊಡಕಿದೆ. ಫ್ರೀಲಾನ್ಸ್ ಕೆಲಸ ಎಂದು ಮುಗಿಯಿತೆಂದು ಹೇಳುವುದು ಹೇಗೆ? ಆಗೊಮ್ಮೆ ಈಗೊಮ್ಮೆ ಕಂಪನಿ ಸಣ್ಣಪುಟ್ಟ ತಿದ್ದುಪಡಿ ಕೇಳುತ್ತಲೇ ಇದ್ದರೆ ಗಡುವು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ‘ಕೊನೆಯ ಬಿಲ್ ಕಳಿಸಿದ ದಿನವೇ ಕೆಲಸ ಮುಗಿದ ದಿನ, ಆಮೇಲೆ 90 ದಿನ ಹೊಸ ಕೆಲಸ ಬಾರದಿದ್ದರೆ ಅದೇ ಖಾಯಂ’ ಎಂದು ಬರೆದುಬಿಟ್ಟರೆ ಈ ಗೊಂದಲ ತಪ್ಪುತ್ತದೆ.

ಮಸಾಲೆಯ ಅಳತೆಯ ಮಾತು ಬೇರೆ. ಎರಡು ವರ್ಷ ಕಳೆದ ಮಾತ್ರಕ್ಕೆ ಅದನ್ನು ಊರಿಗೆಲ್ಲ ಹೇಳಬಹುದು ಎಂದರೆ ಯಾವ ಕಂಪನಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಅಂಥ ಒಂದೆರಡನ್ನು ಹೆಸರಿಸಿ, ‘ಡಿಸೈನರ್‌ನಿಂದಲ್ಲದೆ ಬೇರೆ ದಾರಿಯಿಂದ ಬಯಲಾಗುವವರೆಗೆ ಗೋಪ್ಯ’ ಎನ್ನಬಹುದು. ಶಾಶ್ವತಕ್ಕಿಂತ ಇದು ಮೇಲು. ಗುಟ್ಟು ಹೋದಾಗ ಹೊಣೆಯೂ ಹೋಗುತ್ತದೆ. ಡಿಸೈನರ್‌ಗಂತೂ ನನ್ನ ಸಲಹೆ ಇಷ್ಟೇ: ಅಳತೆ ನನಗೆ ಕಳಿಸಲೇಬೇಡಿ ಎಂದು ಹೇಳಿ. ಲೇಬಲ್‌ಗೆ ಪದಾರ್ಥಗಳ ಪಟ್ಟಿ ಸಾಕು.

ಸಹಿಗೆ ಮೊದಲು ಕೊನೆಯ ಪುಟವನ್ನು ನಿಧಾನವಾಗಿ ಓದಬೇಕು. ‘ಮುಂದಿನ ಎರಡು ವರ್ಷ ಬೇರೆ ಮಸಾಲೆ ಕಂಪನಿಗೆ ಕೆಲಸ ಮಾಡತಕ್ಕದ್ದಲ್ಲ’ ಎಂಬ ಷರತ್ತು ಗೋಪ್ಯತೆಯ ವೇಷದಲ್ಲಿ ಅಲ್ಲಿ ಕೂತಿರುವುದುಂಟು. ಅದು ಗುಟ್ಟು ಕಾಯುವುದಲ್ಲ, ದುಡಿಮೆಗೆ ತಡೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು, ನ್ಯಾಯಬದ್ಧ ವೃತ್ತಿಗೆ ತಡೆಯೊಡ್ಡುವ ಕರಾರು ಆ ಮಟ್ಟಿಗೆ ಅಸಿಂಧು ಎನ್ನುತ್ತದೆ. ಒಪ್ಪಂದ ಮುಗಿದ ಮೇಲೂ ಮುಂದುವರಿಯುವ ಇಂಥ ತಡೆಯನ್ನು ನ್ಯಾಯಾಲಯಗಳು ಎತ್ತಿಹಿಡಿಯುವುದಿಲ್ಲ. ಹಾಗೆಂದು ಸಹಿ ಹಾಕಿ ಮರೆಯುವ ಬದಲು ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಇಬ್ಬರೂ ಸಹಿ ಮಾಡುವುದು ಒಳ್ಳೆಯದು. ಬೇರೆ ಮಸಾಲೆ ಕಂಪನಿಗೆ ಆಕೆ ಕೆಲಸ ಮಾಡಬಹುದು. ಮೊದಲನೆಯವರ ದರಪಟ್ಟಿಯನ್ನು ಅಲ್ಲಿಗೆ ಒಯ್ಯುವಂತಿಲ್ಲ.