ಅಮ್ಮನ ಅಳು ಕೇಳಿಸದ ದೃಶ್ಯ

ಶಾಲಾ ವಾರ್ಷಿಕೋತ್ಸವದಲ್ಲಿ ಸಿನಿಮಾಕ್ಕೆ ಇರುವ ಜಾಗ ಒಂದೇ: ಹಾಡು ಹಾಕುತ್ತಾರೆ, ಮಕ್ಕಳು ಕುಣಿಯುತ್ತಾರೆ. ಈ ವರ್ಷ ನಮ್ಮ ಹೈಸ್ಕೂಲಿನಲ್ಲಿ ಬಹುಮಾನ ವಿತರಣೆಗೆ ಮೊದಲು ಸ್ವಲ್ಪ ಹೊತ್ತನ್ನು ಮುಖ್ಯೋಪಾಧ್ಯಾಯರಿಂದ ಕೇಳಿ ಪಡೆದೆ. ಸಿನಿಮಾ ಕಲೆಯಾಗುವುದು ಎಲ್ಲಿ ಎಂಬುದನ್ನು ಮಕ್ಕಳಿಗೆ ತೋರಿಸಬೇಕೆಂಬುದು ನನ್ನ ಆಸೆಯಾಗಿತ್ತು.

ಇತಿಹಾಸದಿಂದ ಶುರುಮಾಡಲಿಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ಟಿಟ್ಟು ಚಿತ್ರ ತೋರಿಸಿದರು ಎಂದರೆ ಮಕ್ಕಳು ಅದನ್ನು ಪರೀಕ್ಷೆಯ ಪ್ರಶ್ನೆಯೆಂದು ತಿಳಿದು ಬರೆದುಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಕಣ್ಣೆದುರು ನಡೆಯುವ ಒಂದು ಪ್ರಯೋಗ. ಅದನ್ನು ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆಯೇ ಮಾಡಿಟ್ಟಿದ್ದಾನೆ. ಮೊಜುಖಿನ್ ಎಂಬ ನಟನ ಯಾವ ಭಾವವೂ ಇಲ್ಲದ ಮುಖದ ಒಂದೇ ಶಾಟನ್ನು ಅವನು ಬೇರೆ ಬೇರೆ ಚಿತ್ರಗಳ ಪಕ್ಕ ಅಂಟಿಸಿದ. ಒಂದರಲ್ಲಿ ಸೂಪಿನ ಬಟ್ಟಲು, ಒಂದರಲ್ಲಿ ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸು, ಒಂದರಲ್ಲಿ ಆಟವಾಡುವ ಪುಟ್ಟ ಹುಡುಗಿ. ನೋಡಿದವರು ನಟನ ಚಿಂತಾಮಗ್ನತೆ, ದುಃಖ, ಸಂತಸದ ನಗುಗಳನ್ನು ಕೊಂಡಾಡಿದರು ಎಂದು ಅವನ ಜೊತೆಗಿದ್ದ ಪುಡೋವ್ಕಿನ್ ಬರೆದಿದ್ದಾನೆ. ಆ ಫಿಲ್ಮಿನ ತುಣುಕು ಈಗ ಉಳಿದಿಲ್ಲ. 1992ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗವನ್ನು ಮತ್ತೆ ಮಾಡಿದಾಗ ಫಲ ಅಷ್ಟು ಸ್ಪಷ್ಟವಾಗಿ ಬರಲೂ ಇಲ್ಲ. ಹಾಗಾಗಿ ಕಥೆ ಹೇಳಿ ನಂಬಿ ಎನ್ನುವ ಬದಲು ನಮ್ಮ ಶಾಲೆಯಲ್ಲೇ ಮಾಡಿ ನೋಡಬೇಕೆನಿಸಿತು.

ನಮ್ಮ ಪಿ.ಟಿ. ಮೇಷ್ಟ್ರನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಕ್ಯಾಮೆರಾದ ಸ್ವಲ್ಪ ಪಕ್ಕಕ್ಕೆ ನೋಡಲು ಹೇಳಿ, ಮೊಬೈಲಿನಲ್ಲಿ ಕೆಲವು ಸೆಕೆಂಡು ಚಿತ್ರಿಸಿಕೊಂಡೆವು. ಇದರಲ್ಲಿ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಕೂತವರು ತುಸು ನಕ್ಕರೂ ಆ ನಗು ಶವದ ಪಕ್ಕದಲ್ಲೂ ನಗುವಾಗಿಯೇ ಉಳಿಯುತ್ತದೆ. ಮುಖದ ಮೇಲಿನ ಬೆಳಕು, ಎದುರಿನ ವಸ್ತುವಿನ ಮೇಲಿನ ಬೆಳಕು ಬೇರೆ ಬೇರೆಯಾದರೆ ಅವೆರಡೂ ಒಂದೇ ಜಾಗದಲ್ಲಿವೆ ಎಂದು ಮನಸ್ಸು ಒಪ್ಪುವುದಿಲ್ಲ. ಮುಖ, ವಸ್ತು, ಮತ್ತೆ ಮುಖ ಎಂಬ ಕ್ರಮದಲ್ಲಿ ಮೂರು ತುಣುಕು ಸಿದ್ಧವಾದವು. ಒಂದರಲ್ಲಿ ಬಾಳೆಎಲೆಯ ಊಟ, ಇನ್ನೊಂದರಲ್ಲಿ ಹಾರ ಹಾಕಿದ ಫೋಟೊ, ಮತ್ತೊಂದರಲ್ಲಿ ಅಂಗಳದಲ್ಲಿ ಆಡುವ ಮಗು. ಮೂರನ್ನೂ ಒಬ್ಬರಿಗೇ ತೋರಿಸಿದರೆ ಮುಖ ಒಂದೇ ಎಂಬ ಗುಟ್ಟು ಕೂಡಲೇ ಒಡೆಯುತ್ತದೆ. ಅದಕ್ಕಾಗಿ ವಾರ ಮೊದಲೇ ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ ಒಂದೊಂದನ್ನೇ ತೋರಿಸಿ, ಮೇಷ್ಟ್ರ ಮನಸ್ಸಿನಲ್ಲಿ ಏನಿದೆ ಎಂದು ಚೀಟಿಯಲ್ಲಿ ಬರೆಸಿಕೊಂಡಿದ್ದೆ.

ವೇದಿಕೆಯ ಮೇಲೆ ಆ ಚೀಟಿಗಳನ್ನು ಓದಿದೆ. “ಸರ್‌ಗೆ ತುಂಬಾ ಹಸಿವಾಗಿದೆ.” “ಅವರ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಅಳು ತಡೆದುಕೊಂಡಿದ್ದಾರೆ.” “ಮಗಳನ್ನು ನೆನಪಿಸಿಕೊಳ್ಳುತ್ತಿದ್ದಾರೆ.” ಸುಮ್ಮನೆ ನೋಡುತ್ತಿದ್ದಾರೆ ಎಂದು ಬರೆದವರೂ ಇದ್ದರು, ಅವನ್ನೂ ಓದಿದೆ. ಆಮೇಲೆ ಮೂರೂ ತುಣುಕುಗಳನ್ನು ಒಟ್ಟಿಗೆ ಹಾಕಿದಾಗ ಮಕ್ಕಳಿಂದ “ಅಯ್ಯೋ, ಒಂದೇ!” ಎಂಬ ಕೂಗು ಎದ್ದಿತು.

“ಮಕ್ಕಳೇ, ಮೇಷ್ಟ್ರು ನಟಿಸಲೇ ಇಲ್ಲ. ಹಸಿವು, ದುಃಖ ಎಲ್ಲವನ್ನೂ ಆ ಎರಡು ಚಿತ್ರಗಳ ನಡುವೆ ಇಟ್ಟವರು ನೀವು. ನಾಟಕದಲ್ಲಿ ನಟ ನಿಮ್ಮ ಎದುರಿಗೇ ಇರುತ್ತಾನೆ. ಸಿನಿಮಾದಲ್ಲಿ ಯಾವುದರ ಪಕ್ಕ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಇನ್ನೊಬ್ಬರು ತೀರ್ಮಾನಿಸಿರುತ್ತಾರೆ. ಆ ತೀರ್ಮಾನ ಎಷ್ಟು ಆಳಕ್ಕೆ ಹೋಗಬಲ್ಲದು ಅಂತ ಈಗ ನೋಡೋಣ” ಎಂದು ಹೇಳಿ ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಯ ಒಂದು ದೃಶ್ಯಕ್ಕೆ ಬಂದೆ.

ಮಾತು ಬಂಗಾಳಿಯಲ್ಲಿದೆ. ದೃಶ್ಯ ಓಡುವಾಗ ನಡುನಡುವೆ ಅನುವಾದ ಹೇಳಿದರೆ ಎಲ್ಲ ಕೆಡುತ್ತದೆ. ಆದ್ದರಿಂದ ಸಂದರ್ಭವನ್ನು ಮೊದಲೇ ಹೇಳಿದೆ. ಬಡ ಪುರೋಹಿತ ಹರಿಹರ ಸಂಪಾದನೆಗೆಂದು ಊರು ಬಿಟ್ಟು ಹೋಗಿದ್ದಾನೆ. ಅವನಿಲ್ಲದಾಗ ಮಗಳು ದುರ್ಗಾ ಮಳೆಯಲ್ಲಿ ನೆನೆದು ಜ್ವರ ಬಂದು ತೀರಿಕೊಂಡಿದ್ದಾಳೆ. ಅವನಿಗೆ ಸುದ್ದಿ ಗೊತ್ತಿಲ್ಲ. ಬಿರುಗಾಳಿಗೆ ಹಾಳಾದ ಮನೆಗೆ ಮರಳಿ ಮಕ್ಕಳ ಹೆಸರು ಹಿಡಿದು ಕರೆಯುತ್ತಾನೆ. ಹೆಂಡತಿ ಸರ್ಬಜಯಾ ಮಾತಾಡದೆ ನೀರು ತಂದಿಡುತ್ತಾಳೆ. ಅವನು ತಂದ ಸಾಮಾನುಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಲಟ್ಟಣಿಗೆ ಮಣೆ, ಲಕ್ಷ್ಮಿಯ ಪಟ, ಕೊನೆಗೆ ದುರ್ಗಾಳಿಗೆಂದು ತಂದ ಸೀರೆ.

ಮೊದಲ ಸಲ ಧ್ವನಿ ಪೂರ್ತಿ ತೆಗೆದು ತೋರಿಸಿದೆ. ಸೀರೆ ಕೈಗೆ ಬಂದಾಗ ಸರ್ಬಜಯಾ ಕುಸಿಯುತ್ತಾಳೆ. ಕರುಣಾ ಬ್ಯಾನರ್ಜಿಯವರ ಮುಖ ಸಂಕಟದಿಂದ ಬಿರಿದುಹೋಗುತ್ತದೆ. ಇಲ್ಲಿ ಏನು ಕೇಳಿಸಬಹುದು ಎಂದು ಕೇಳಿದಾಗ ಎಲ್ಲರೂ “ಜೋರಾಗಿ ಅಳು” ಎಂದರು. ಎರಡನೇ ಸಲ ಧ್ವನಿಯೊಂದಿಗೆ ಹಾಕಿದೆ. ಬಾಯಿ ತೆರೆದಿದೆ, ಅಳು ಮಾತ್ರ ಇಲ್ಲ. ಅದರ ಜಾಗದಲ್ಲಿ ತಾರ್ ಶೆಹನಾಯಿ ಎಂಬ ಕಮಾನಿನಿಂದ ನುಡಿಸುವ ತಂತಿವಾದ್ಯ ತಾರಸ್ಥಾಯಿಯಲ್ಲಿ ಚೀರುತ್ತದೆ. ಸಂಗೀತ ರವಿಶಂಕರ್ ಅವರದು, ರಾಗ ಪಟದೀಪ್.

ಇಡೀ ಭಾಷಣದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲೇ. ರಾಯ್ ನಟಿಯ ದನಿಯನ್ನು ಯಾಕೆ ತೆಗೆದರು? ನನಗೆ ತೋರುವ ಕಾರಣ ಹೀಗೆ: ಅಳು ಕೇಳಿದ್ದರೆ ನಾವು ಅವಳನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿದ್ದೆವು. ಕೇಳದೆ ಇದ್ದಾಗ ಅದು ಹೇಗಿದ್ದೀತೆಂದು ನಾವೇ ಊಹಿಸಬೇಕಾಗುತ್ತದೆ. ಪ್ರತಿಯೊಬ್ಬರೂ ತಾವು ಕೇಳಿಬಲ್ಲ ಅಳುವನ್ನು ಅಲ್ಲಿ ತುಂಬುತ್ತಾರೆ. ಪಿ.ಟಿ. ಮೇಷ್ಟ್ರ ಮುಖಕ್ಕೆ ಹಸಿವನ್ನು ತುಂಬಿದ ಮನಸ್ಸೇ ಇಲ್ಲೂ ಕೆಲಸ ಮಾಡುತ್ತದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು, “ಸೀರೆಯನ್ನು ಮೊದಲೇ ತೆಗೆದಿದ್ದರೆ ಇಷ್ಟು ಆಗ್ತಿರಲಿಲ್ಲ ಸರ್” ಎಂದಳು. ಅವಳ ಮಾತು ಸರಿಯಾಗಿತ್ತು. ಸತ್ಯ ನಮಗೆ ಗೊತ್ತು, ತಾಯಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ಮಣೆ, ಪಟಗಳನ್ನು ಅವನು ನಿಧಾನವಾಗಿ ತೋರಿಸುವಷ್ಟು ಹೊತ್ತೂ ನಮ್ಮ ಎದೆ ಮುಂದಿನದಕ್ಕೆ ಅಂಜುತ್ತಿರುತ್ತದೆ.

ಇದನ್ನು ಮಾಡಬಯಸುವ ಶಿಕ್ಷಕರಿಗೆ ಒಂದು ಎಚ್ಚರಿಕೆ ಹೇಳಬೇಕು. ಶಾಮಿಯಾನದವರ ಹಾರ್ನ್ ಸ್ಪೀಕರಿನಲ್ಲಿ ತಾರಸ್ಥಾಯಿಯ ಸ್ವರ ಒಡೆದು ಕೀಚಲಾಗುತ್ತದೆ, ಮಕ್ಕಳು ನಕ್ಕುಬಿಡುತ್ತಾರೆ. ಬಾಕ್ಸ್ ಸ್ಪೀಕರ್ ತರಿಸಿ, ಇದೇ ದೃಶ್ಯವನ್ನು ಹಾಕಿ, ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ನೋಡಿ. ಕತ್ತಲಾದ ಮೇಲೆಯೇ ತೋರಿಸಿ. ಕಪ್ಪು-ಬಿಳುಪು ಚಿತ್ರದಲ್ಲಿ ಹಗಲಿನ ಬೆಳಕು ಬಿದ್ದರೆ ಮೊದಲು ಅಳಿಸಿಹೋಗುವುದು ಮುಖದ ನೆರಳುಗಳು. ಮಕ್ಕಳಿಗೆ ದಕ್ಕಿತೋ ಇಲ್ಲವೋ ತಿಳಿಯಲು ಮರುದಿನ ಕಥೆ ಕೇಳಬೇಡಿ. “ಏನು ಕೇಳಿಸಲಿಲ್ಲ?” ಎಂದು ಕೇಳಿ.

ಹೀಗೆ ಒಂದು ದೃಶ್ಯವನ್ನು ಬಿಡಿಸಿ ನೋಡುವ ಪಾಠ ನಮ್ಮ ನಾಡಿಗೆ ಹೊಸದಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಸಿನಿಮಾ ರಸಗ್ರಹಣ ಕಲಿಸುತ್ತಿದ್ದ ಸತೀಶ್ ಬಹಾದ್ದೂರ್ ಹೆಗ್ಗೋಡಿನ ನೀನಾಸಂ ಶಿಬಿರಗಳಿಗೆ ಬಂದು ಪಾಠ ಮಾಡಿದ್ದಾರೆ. ಕೆ.ವಿ. ಸುಬ್ಬಣ್ಣನವರು ಜಗತ್ತಿನ ದೊಡ್ಡ ಚಿತ್ರಗಳನ್ನು ಮಲೆನಾಡಿನ ಹಳ್ಳಿಗರ ಮುಂದೆ ಇಟ್ಟು, ಅವರೊಂದಿಗೆ ಕೂತು ಚರ್ಚಿಸಿದರು. ರೈತರಿಗೆ ದಕ್ಕಿದ್ದು ಹೈಸ್ಕೂಲು ಮಕ್ಕಳಿಗೆ ದಕ್ಕುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಶಾಲೆಯಲ್ಲಿ ತೋರಿಸುವುದಾದರೆ ಹಳೆಯ, ಮಬ್ಬು ಪ್ರತಿಯನ್ನು ಹುಡುಕಬೇಡಿ. 1993ರಲ್ಲಿ ಲಂಡನ್ನಿನ ಲ್ಯಾಬೊರೇಟರಿಯೊಂದಕ್ಕೆ ಬೆಂಕಿ ಬಿದ್ದು ‘ಪಥೇರ್ ಪಾಂಚಾಲಿ’ಯ ಮೂಲ ನೆಗೆಟಿವ್ ಸುಟ್ಟುಹೋಗಿತ್ತು. ಉಳಿದ ತುಂಡುಗಳನ್ನು ಇಟಲಿಯ ಬೊಲೋನ್ಯದಲ್ಲಿ ಹದಗೊಳಿಸಿ, ಕಳೆದುಹೋದ ಭಾಗಗಳನ್ನು ಬೇರೆ ಪ್ರತಿಗಳಿಂದ ತುಂಬಿ, 2015ರಲ್ಲಿ ಹೊಸ ಪ್ರತಿ ಹೊರತಂದಿದ್ದಾರೆ. ಮಕ್ಕಳಿಗೆ ಅದನ್ನೇ ತೋರಿಸಿ.