ಒಂದೇ ದರ, ಎರಡು ತಪ್ಪು ನಿರ್ಧಾರ

ಒಂದು ಕಂಪನಿಗೆ ಎರಡು ವಿಭಾಗಗಳಿವೆ ಎಂದಿಟ್ಟುಕೊಳ್ಳಿ. ಮೊದಲನೆಯದು ವಿದ್ಯುತ್ ಸಾಗಣೆಯದು. ಅಲ್ಲಿ ದರವನ್ನು ನಿಯಂತ್ರಣ ಆಯೋಗವೇ ಗೊತ್ತುಮಾಡುವುದರಿಂದ ಆದಾಯ ಅಷ್ಟಾಗಿ ಏರಿಳಿಯದು. ಎರಡನೆಯದು ಹೋಟೆಲ್. ವ್ಯಾಪಾರ ಮಂದವಾದ ಕೂಡಲೇ ಅದರ ಕೋಣೆಗಳು ಖಾಲಿಯಾಗುತ್ತವೆ. ಹಣ ಹೂಡುವವರು ಮೊದಲನೆಯದರಿಂದ ವರ್ಷಕ್ಕೆ ಶೇ 9, ಎರಡನೆಯದರಿಂದ ಶೇ 15 ಪ್ರತಿಫಲ ಬಯಸುತ್ತಾರೆ. ಎರಡು ವಿಭಾಗಗಳ ಮೌಲ್ಯವೂ ಸಮವಾಗಿದ್ದರೆ ಇಡೀ ಕಂಪನಿಯ ಬಂಡವಾಳದ ವೆಚ್ಚ ಶೇ 12. ಈ ಸರಾಸರಿ ಲೆಕ್ಕವೇನೋ ಸರಿ. ಆದರೆ ಪ್ರತಿ ಹೊಸ ಯೋಜನೆಯನ್ನೂ ಅದರಿಂದಲೇ ಅಳೆಯಲು ಹೊರಟಾಗ ಎಡವಟ್ಟಾಗುತ್ತದೆ.

100 ಕೋಟಿ ರೂಪಾಯಿಯ ಹೊಸ ವಿದ್ಯುತ್ ಮಾರ್ಗ ವರ್ಷಕ್ಕೆ 11 ಕೋಟಿಯನ್ನು ನಿರಂತರವಾಗಿ ತರುತ್ತದೆ ಎನ್ನೋಣ. ಶೇ 12ರಲ್ಲಿ ಭಾಗಿಸಿದರೆ ಅದರ ಇಂದಿನ ಬೆಲೆ ಸುಮಾರು 92 ಕೋಟಿ. ಹೀಗಾಗಿ ಆಡಳಿತ ಮಂಡಳಿ ಬೇಡವೆನ್ನುತ್ತದೆ. ಅದಕ್ಕೆ ಸಲ್ಲುವ ಶೇ 9ರಲ್ಲಿ ನೋಡಿದರೆ ಬೆಲೆ 122 ಕೋಟಿ, ಅಂದರೆ 22 ಕೋಟಿಯ ಲಾಭ ಕೈತಪ್ಪಿತು. ಅಷ್ಟೇ ಹಣದ ಹೊಸ ಹೋಟೆಲ್ ವರ್ಷಕ್ಕೆ 13.5 ಕೋಟಿ ತರುತ್ತದೆ. ಶೇ 12ರಲ್ಲಿ ಅದರ ಬೆಲೆ 112.5 ಕೋಟಿಯಾಗುವುದರಿಂದ ಒಪ್ಪಿಗೆ ಸಿಗುತ್ತದೆ. ಶೇ 15ರಲ್ಲಿ ಅದು ಬರೀ 90 ಕೋಟಿ, ಅಂದರೆ 10 ಕೋಟಿ ನಷ್ಟ. ವರ್ಷ ವರ್ಷ ಹೀಗೇ ನಡೆದರೆ ಬಂಡವಾಳವೆಲ್ಲ ಹೋಟೆಲಿನತ್ತ ಹರಿದು ಕಂಪನಿಯೇ ಹೆಚ್ಚು ರಿಸ್ಕಿನದಾಗುತ್ತದೆ, ಶೇ 12 ಎಂಬ ಸರಾಸರಿಯೂ ಮೇಲೇರುತ್ತದೆ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಕ್ರೂಗರ್, ಲ್ಯಾಂಡಿಯೇ ಮತ್ತು ಥೆಸ್ಮರ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನ, ಹಲವು ವ್ಯವಹಾರಗಳ ಅಮೆರಿಕನ್ ಕಂಪನಿಗಳಲ್ಲಿ ಮುಖ್ಯ ವಿಭಾಗಕ್ಕಿಂತ ಹೆಚ್ಚು ರಿಸ್ಕಿನ ವಿಭಾಗಗಳಿಗೆ ಹೆಚ್ಚು ಹೂಡಿಕೆ ಹೋಗುತ್ತಿರುವುದನ್ನು ಕಂಡಿತು.

ಹಾಗಾದರೆ ವಿಭಾಗದ ದರ ತಿಳಿಯುವುದು ಹೇಗೆ? ವಿಭಾಗದ ಷೇರು ಪ್ರತ್ಯೇಕವಾಗಿ ಮಾರಾಟವಾಗುವುದಿಲ್ಲ. ಆದ್ದರಿಂದ ಅದೇ ವ್ಯವಹಾರವನ್ನಷ್ಟೇ ಮಾಡುವ ಲಿಸ್ಟಾದ ಕಂಪನಿಗಳ ಬೀಟಾವನ್ನು, ಅಂದರೆ ಮಾರುಕಟ್ಟೆಯೊಂದಿಗೆ ಅವುಗಳ ಷೇರು ಎಷ್ಟು ಏರಿಳಿಯುತ್ತದೆಂಬ ಅಳತೆಯನ್ನು, ತೆಗೆದುಕೊಳ್ಳುತ್ತಾರೆ. ಅದರಿಂದ ಆ ಕಂಪನಿಗಳ ಸಾಲದ ಪ್ರಭಾವವನ್ನು ಕಳೆದು, ನಮ್ಮ ವಿಭಾಗಕ್ಕೆ ತಕ್ಕ ಸಾಲದ ಪ್ರಮಾಣವನ್ನು ಕೂಡಿಸುತ್ತಾರೆ. ಅಮೆರಿಕದ ಮ್ಯಾರಿಯಟ್ 1980ರ ದಶಕದಲ್ಲೇ ಹೋಟೆಲ್, ಗುತ್ತಿಗೆ ಸೇವೆ, ರೆಸ್ಟೋರೆಂಟ್ ಈ ಮೂರಕ್ಕೂ ಬೇರೆ ಬೇರೆ ದರ ಇಟ್ಟುಕೊಂಡಿತ್ತು. ಸಾಲದ ಪಾಲೂ ಬೇರೆಯಾಗಿತ್ತು: ಹೋಟೆಲಿಗೆ ಶೇ 74, ಗುತ್ತಿಗೆ ಸೇವೆಗೆ ಶೇ 40.

ಈ ವಿಧಾನಕ್ಕೂ ಮಿತಿಯಿದೆ. ಹೋಲಿಕೆಗೆ ತಕ್ಕ ಕಂಪನಿಗಳು ಎರಡೋ ಮೂರೋ ಇದ್ದರೆ ಬೀಟಾ ಅಂದಾಜು ಸಡಿಲವಾಗುತ್ತದೆ. ಜತೆಗೆ ಪ್ರತಿ ವಿಭಾಗದ ಮುಖ್ಯಸ್ಥರೂ ತಮ್ಮ ದರ ಇಳಿಸಬೇಕೆಂದು ಒತ್ತಾಯಿಸತೊಡಗುತ್ತಾರೆ. ಒಂದೇ ದರ ಇಷ್ಟು ಕಾಲ ಉಳಿದುಬಂದದ್ದಕ್ಕೆ ಆ ಜಗಳವನ್ನು ತಪ್ಪಿಸುವ ಆಸೆಯೂ ಒಂದು ಕಾರಣ. ಆದರೂ ಶೇ 9 ಮತ್ತು 15ರ ನಡುವಿನ ಅಂತರ ಅಂದಾಜಿನ ಒಂದೆರಡು ಅಂಶದ ದೋಷಕ್ಕಿಂತ ಬಹಳ ದೊಡ್ಡದು.