0.6 ನೌಕರಿಯ ಲೆಕ್ಕ

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕರಾವಳಿಯಿಂದ ಹೋದ ನರ್ಸುಗಳು ಸಾಕಷ್ಟು ಮಂದಿ ಇದ್ದಾರೆ. ಮಗು ಹುಟ್ಟಿದ ಮೇಲೆ ಅವರಲ್ಲಿ ಹಲವರು ಪಾರ್ಟ್ ಟೈಮ್ ಕೇಳಿಕೊಳ್ಳುತ್ತಾರೆ. ಆಗ ಕೈಗೆ ಬರುವ ಪತ್ರದಲ್ಲಿ ‘ವಾರಕ್ಕೆ ಮೂರು ದಿನ’ ಎಂದು ಇರುವುದಿಲ್ಲ, 0.6 ಎಂಬ ಅಂಕಿ ಇರುತ್ತದೆ. ಗಂಟೆ, ರಜೆ, ಸಂಬಳ ಮೂರೂ ಹೊರಡುವುದು ಈ ಒಂದೇ ಅಂಕಿಯಿಂದ. ತಕರಾರು ಹೆಚ್ಚಾಗಿ ಏಳುವುದು ಮಾತ್ರ ರಜೆಯ ವಿಚಾರದಲ್ಲಿ.

ಗಂಟೆಯ ಲೆಕ್ಕ ಸುಲಭ. ಇಂಗ್ಲೆಂಡಿನ ಎನ್‌ಎಚ್‌ಎಸ್ ನರ್ಸ್‌ಗೆ ಪೂರ್ಣಾವಧಿ ಎಂದರೆ ವಾರಕ್ಕೆ 37.5 ಗಂಟೆ. ಅದರ 0.6 ಪಾಲು 22.5 ಗಂಟೆ, ಅಂದರೆ ಏಳೂವರೆ ಗಂಟೆಯ ಮೂರು ದಿನ. ಹೊರರೋಗಿ ವಿಭಾಗದಲ್ಲಿ ಇದು ಸರಿಯಾಗಿ ಕೂರುತ್ತದೆ. ವಾರ್ಡಿನ ಉದ್ದ ಶಿಫ್ಟಿಗೆ ಬಂದರೆ ಕೂರುವುದಿಲ್ಲ. ಊಟದ ಬಿಡುವು ಕಳೆದು ಹನ್ನೊಂದೂವರೆ ಗಂಟೆ ಲೆಕ್ಕಕ್ಕೆ ಬರುವ ಶಿಫ್ಟ್‌ಗಳನ್ನು ವಾರಕ್ಕೆ ಎರಡು ಮಾಡಿದರೆ 23 ಗಂಟೆಯಾಯಿತು. ಅರ್ಧ ಗಂಟೆ ತಾನೇ ಎನ್ನಿಸಬಹುದು. 52 ವಾರಕ್ಕೆ ಅದು 26 ಗಂಟೆ, ಎರಡು ಶಿಫ್ಟಿಗಿಂತಲೂ ಜಾಸ್ತಿ. ರೋಟಾ ಬರೆಯುವವರು ವರ್ಷದಲ್ಲಿ ಎಲ್ಲೋ ಎರಡು ಶಿಫ್ಟ್ ಬಿಟ್ಟುಕೊಡದಿದ್ದರೆ ಆ ದುಡಿಮೆ ಪುಕ್ಕಟೆ ಹೋದಂತೆ.

ಇನ್ನು ರಜೆ. ಹೊಸದಾಗಿ ಸೇರಿದ ಪೂರ್ಣಾವಧಿ ನರ್ಸ್‌ಗೆ ವರ್ಷಕ್ಕೆ 27 ದಿನ ರಜೆ, ಜೊತೆಗೆ 8 ಬ್ಯಾಂಕ್ ಹಾಲಿಡೇ, ಒಟ್ಟು 35 ದಿನ. ಇದನ್ನು ಮೊದಲು ಗಂಟೆಗೆ ಇಳಿಸಬೇಕು: 35ನ್ನು ಏಳೂವರೆಯಿಂದ ಗುಣಿಸಿದರೆ 262.5 ಗಂಟೆ, ಅದರಲ್ಲಿ 0.6 ಪಾಲು 157.5 ಗಂಟೆ. ಮೂರು ದಿನ ಕೆಲಸ ಮಾಡುವವರಿಗೆ ಇದು 21 ದಿನವಾಗುತ್ತದೆ. ‘ಅವಳಿಗೆ 35, ನನಗೆ 21 ಮಾತ್ರವೇ?’ ಎಂದು ಮುನಿಸಿಕೊಳ್ಳುವ ಮುಂಚೆ ವಾರ ಎಣಿಸಿ ನೋಡಬೇಕು. ವಾರಕ್ಕೆ ಐದು ದಿನದಂತೆ 35 ದಿನವೆಂದರೆ ಏಳು ವಾರ, ಮೂರು ದಿನದಂತೆ 21 ದಿನವೆಂದರೂ ಏಳೇ ವಾರ. ಊರಿಗೆ ಬಂದು ಕೂರುವ ಅವಧಿ ಇಬ್ಬರಿಗೂ ಒಂದೇ. ರಜೆಯ ಲೆಕ್ಕ ಸರಿಯಿದೆಯೋ ಇಲ್ಲವೋ ತಿಳಿಯಲು ಇದಕ್ಕಿಂತ ಚುರುಕಾದ ಪರೀಕ್ಷೆ ನನಗೆ ಕಂಡಿಲ್ಲ.

ಬ್ಯಾಂಕ್ ಹಾಲಿಡೇಗಳನ್ನೂ ಇದೇ ಗಂಟುಮೂಟೆಗೆ ಸೇರಿಸುವುದಕ್ಕೆ ಕಾರಣವಿದೆ. ಇಂಗ್ಲೆಂಡಿನ ಆ ಎಂಟರಲ್ಲಿ ನಾಲ್ಕು ಸಾಮಾನ್ಯವಾಗಿ ಸೋಮವಾರವೇ ಬರುತ್ತವೆ, ಗುಡ್ ಫ್ರೈಡೇ ಶುಕ್ರವಾರ. ಕ್ರಿಸ್ಮಸ್, ಅದರ ಮರುದಿನ ಮತ್ತು ಹೊಸ ವರ್ಷ ಮಾತ್ರ ವಾರ ಬದಲಿಸುತ್ತವೆ. ‘ನಿಮ್ಮ ಕೆಲಸದ ದಿನ ಬಿದ್ದರೆ ರಜೆ, ಇಲ್ಲದಿದ್ದರೆ ಇಲ್ಲ’ ಎಂದುಬಿಟ್ಟರೆ ಸೋಮವಾರದವರಿಗೆ ಲಾಟರಿ, ಮಂಗಳವಾರದಿಂದ ಗುರುವಾರದವರೆಗೆ ಬರುವವರಿಗೆ ಹೆಚ್ಚೆಂದರೆ ಮೂರು. ಆದ್ದರಿಂದ ಯಾವ ದಿನ ಬಂದರೂ 0.6 ಇರುವವರ ಪಾಲು 36 ಗಂಟೆಯೇ.

ಇದರ ಮತ್ತೊಂದು ಮುಖ ಸೋಮವಾರದವರಿಗೆ ಕಹಿ. ಸೋಮ, ಮಂಗಳ, ಬುಧ ಕೆಲಸ ಮಾಡುವ ನರ್ಸ್‌ನ ಕ್ಲಿನಿಕ್ ನಾಲ್ಕು ಸೋಮವಾರ ಮುಚ್ಚಿದರೆ 30 ಗಂಟೆ ಕಳೆಯುತ್ತದೆ. ಆ ವರ್ಷ ಇನ್ನೆರಡು ಹಬ್ಬ ಅವಳ ದಿನಗಳಲ್ಲೇ ಬಿದ್ದರೆ ಒಟ್ಟು 45 ಗಂಟೆ. ಪಾಲು ಇದ್ದದ್ದು 36, ಮಿಕ್ಕ 9 ಗಂಟೆ ಅವಳ ಸ್ವಂತ ರಜೆಯಿಂದ ಹೋಗುತ್ತದೆ. ಮೋಸ ಎನ್ನಿಸಿದರೂ ಮೋಸವಲ್ಲ, ಗುರುವಾರದವಳು ಅಷ್ಟು ದಿನ ಹೆಚ್ಚು ದುಡಿದಿರುತ್ತಾಳೆ. ಪಾರ್ಟ್ ಟೈಮ್ ನೌಕರರನ್ನು ಕೀಳಾಗಿ ಕಾಣಬಾರದೆಂದು 2000ದಲ್ಲಿ ಬಂದ ಬ್ರಿಟಿಷ್ ನಿಯಮಾವಳಿಯ ತಿರುಳೂ ಇದೇ: ಪಾಲಿಗೆ ತಕ್ಕಷ್ಟು.

ಸಂಬಳಕ್ಕೆ ಬರೋಣ. ಪೂರ್ಣಾವಧಿಗೆ ವರ್ಷಕ್ಕೆ 30,000 ಪೌಂಡ್ ಎಂದಿಟ್ಟುಕೊಂಡರೆ 0.6ಕ್ಕೆ 18,000, ತಿಂಗಳಿಗೆ 1,500. ಗಂಟೆಯ ದರ ಇಬ್ಬರಿಗೂ ಒಂದೇ, ಸುಮಾರು 15 ಪೌಂಡ್ 34 ಪೆನ್ಸ್. ಹೆಚ್ಚುವರಿ ಗಂಟೆ ಮಾಡಿದರೆ ಓವರ್‌ಟೈಮ್‌ನ ಒಂದೂವರೆ ಪಟ್ಟು ತಕ್ಷಣ ಸಿಗುವುದಿಲ್ಲ. ವಾರದ 37.5 ಗಂಟೆ ದಾಟುವವರೆಗೂ ಮಾಮೂಲಿ ದರವೇ. ಪೇಸ್ಲಿಪ್ ನೋಡಿ ಮುಖ ಸಣ್ಣದಾಗುವುದು ಬಹಳ ಸಲ ಇದರಿಂದಲೇ.

ಕೈಗೆ ಬರುವ ಹಣ ಮಾತ್ರ 0.6ಕ್ಕಿಂತ ಮೇಲಿರುತ್ತದೆ. ತೆರಿಗೆಯಿಲ್ಲದ ಮೊದಲ 12,570 ಪೌಂಡ್ ಪಾರ್ಟ್ ಟೈಮಿನವರಿಗೂ ಪೂರ್ತಿ ಸಿಗುತ್ತದೆ, ಅದನ್ನು ಯಾರೂ 0.6ಕ್ಕೆ ಇಳಿಸುವುದಿಲ್ಲ. ಉಳಿದದ್ದಕ್ಕೆ ಶೇ. 20ರ ಲೆಕ್ಕದಲ್ಲಿ, ಪಿಂಚಣಿ ಕಡಿತವನ್ನು ಬದಿಗಿಟ್ಟರೆ, ಪೂರ್ಣಾವಧಿಯವರ ಆದಾಯ ತೆರಿಗೆ 3,486 ಪೌಂಡ್, ಇವಳದ್ದು 1,086, ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಪಿಂಚಣಿ ವಂತಿಗೆಯಲ್ಲೂ ಹೀಗೊಂದು ಅನುಕೂಲ ತಡವಾಗಿ ಬಂದಿದೆ. ಅದರ ಶೇಕಡಾವಾರು ದರವನ್ನು ಹಿಂದೆ ಪೂರ್ಣಾವಧಿಯ ಸಂಬಳ ನೋಡಿ ನಿಗದಿ ಮಾಡುತ್ತಿದ್ದರು. 2022ರ ಅಕ್ಟೋಬರ್‌ನಿಂದ ನಿಜವಾಗಿ ಪಡೆಯುವ ಸಂಬಳವನ್ನೇ ನೋಡುತ್ತಾರೆ.